ಫೋಟೋ ಒಂದು, ವಿವರಣೆ ಇನ್ನೊಂದು: ತಕರಾರು ತರುವ ಆನ್‌ಲೈನ್ ಲಿಸ್ಟಿಂಗ್ ಸರಿಪಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಎಷ್ಟೋ ಮನೆಗಳಿಂದ ಈಗ ಕೋಕಂ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಆನ್‌ಲೈನ್‌ನಲ್ಲಿ ಹೋಗುತ್ತಿವೆ. ಮಾಲು ಚೆನ್ನಾಗಿರುತ್ತದೆ. ಆದರೂ ತಕರಾರು ಬರುತ್ತದೆ. ಹಣ ವಾಪಸ್ ಕೇಳುತ್ತಾರೆ, ಒಂದು ಸ್ಟಾರ್ ಕೊಡುತ್ತಾರೆ. ಕಾರಣ ಹುಡುಕಿದರೆ ಬಾಟಲಿಯಲ್ಲಿ ತಪ್ಪಿರುವುದಿಲ್ಲ, ಮಾಲು ಮಾರುವ ಪುಟದಲ್ಲಿ, ಅಂದರೆ ಲಿಸ್ಟಿಂಗ್‌ನಲ್ಲಿ ಇರುತ್ತದೆ. ಶೀರ್ಷಿಕೆ ಒಂದು ಹೇಳುತ್ತದೆ, ಫೋಟೋ ಇನ್ನೊಂದು ತೋರಿಸುತ್ತದೆ, ವಿವರಣೆ ಮೂರನೆಯದನ್ನು ಹೇಳುತ್ತದೆ. ಇಲ್ಲಿ ಕೋಕಂ ಸಿರಪ್‌ನ ಒಂದೇ ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ.

ಉದಾಹರಣೆಯ ಲಿಸ್ಟಿಂಗ್ ಹೇಗಿದೆ?

ಶಿರಸಿ ಹತ್ತಿರದ ಒಂದು ಮನೆಯವರು ಕೋಕಂ ಸಿರಪ್ ಮಾರುತ್ತಾರೆ ಎಂದುಕೊಳ್ಳಿ. ಅವರ ಪುಟ ಹೀಗಿದೆ.

ಶೀರ್ಷಿಕೆ: "ಶುದ್ಧ ಮಲೆನಾಡಿನ ಕೋಕಂ ಜ್ಯೂಸ್ ಸಿರಪ್, 1 ಲೀಟರ್."

ಮುಖ್ಯ ಫೋಟೋ: ಗಾಜಿನ ಬಾಟಲಿ, ಪಕ್ಕದಲ್ಲಿ ತಿಳಿ ಕೆಂಪು ಬಣ್ಣದ ಪಾನಕ ತುಂಬಿದ ಲೋಟ, ಎದುರಿಗೆ ಒಣಗಿದ ಕೋಕಂ ಸಿಪ್ಪೆಯ ರಾಶಿ.

ವಿವರಣೆ: "ಸಕ್ಕರೆ ಹಾಕಿಲ್ಲ. ಮಧುಮೇಹ ಇರುವವರಿಗೂ ಒಳ್ಳೆಯದು. ನೀರು ಬೆರೆಸಿ ಕುಡಿಯಿರಿ. 750 ಮಿ.ಲೀ."

ಬೆಲೆ 420 ರೂಪಾಯಿ. ಪಾರ್ಸೆಲ್‌ನಲ್ಲಿ ಹೋಗುವುದು 750 ಮಿ.ಲೀ. ಪ್ಲಾಸ್ಟಿಕ್ ಬಾಟಲಿ. ಅದರೊಳಗೆ ಸಕ್ಕರೆ ಹಾಕಿ ಮಾಡಿದ ಸಿರಪ್.

ಒಂದೇ ಪುಟದಲ್ಲಿ ನಾಲ್ಕು ಜಗಳ ಕೂತಿವೆ: ಅಳತೆ, ಸಕ್ಕರೆ, ಬಾಟಲಿ, ಮತ್ತು ಒಳಗಿರುವುದು ಎಂಥ ಪದಾರ್ಥ ಎನ್ನುವುದು. ಇದರಲ್ಲಿ ಯಾವುದೂ ಬೇಕಂತ ಮಾಡಿದ ಮೋಸ ಅಲ್ಲ. ಆದರೆ ಬೆಂಗಳೂರಿನಲ್ಲಿ ಪಾರ್ಸೆಲ್ ಬಿಚ್ಚುವವರಿಗೆ ಅದು ಹೇಗೆ ಗೊತ್ತಾಗಬೇಕು?

ಇಂಥ ಪುಟ ಹುಟ್ಟುವುದಾದರೂ ಹೇಗೆ?

ಬಹಳ ಸಲ ನಕಲು ಮಾಡುವುದರಿಂದ. ಆ ಮನೆಯವರು ಮೊದಲು ಸಕ್ಕರೆ ಹಾಕದ ಕೋಕಂ ರಸ ಮಾರುತ್ತಿದ್ದರು. ಸಿರಪ್ ಶುರು ಮಾಡಿದಾಗ ಹೊಸ ಪುಟ ಬರೆಯುವ ಬದಲು ಹಳೆಯದನ್ನೇ ನಕಲಿಸಿ ಶೀರ್ಷಿಕೆ ಬದಲಾಯಿಸಿದರು. ಕೆಳಗಿದ್ದ "ಸಕ್ಕರೆ ಹಾಕಿಲ್ಲ" ಹಾಗೇ ಉಳಿಯಿತು.

ಎರಡನೆಯ ದಾರಿ ಪ್ಯಾಕಿಂಗ್ ಬದಲಾವಣೆ. ಗಾಜಿನ ಬಾಟಲಿ ಕೊರಿಯರ್‌ನಲ್ಲಿ ಒಡೆಯಿತು, ಪ್ಲಾಸ್ಟಿಕ್‌ಗೆ ಬಂದರು. ಪ್ಯಾಕ್ ಮಾಡುವವರಿಗೆ ಅದು ಗೊತ್ತು. ಪುಟ ನೋಡಿಕೊಳ್ಳುವ ಮಗನೋ ಅಳಿಯನೋ ಹುಬ್ಬಳ್ಳಿಯಲ್ಲಿ ಇರುತ್ತಾನೆ, ಅವನಿಗೆ ಯಾರೂ ಹೇಳಲಿಲ್ಲ.

ಮೂರನೆಯದು ಹುಡುಕಾಟದ ಆಸೆ. ಜಾಸ್ತಿ ಜನರಿಗೆ ಸಿಗಲಿ ಎಂದು ಶೀರ್ಷಿಕೆಯಲ್ಲಿ ಜ್ಯೂಸ್, ಸಿರಪ್, ಶರಬತ್ತು ಎಲ್ಲವನ್ನೂ ತುಂಬುತ್ತಾರೆ. ಜ್ಯೂಸ್ ಬೇರೆ, ಸಿರಪ್ ಬೇರೆ. ಜ್ಯೂಸ್ ಎಂದು ಹುಡುಕಿ ಬಂದವರು ಮುಚ್ಚಳ ತೆಗೆದು ನೇರ ಕುಡಿಯಲು ನೋಡುತ್ತಾರೆ.

ತಕರಾರು ಪುಟದಿಂದ ಬಂದದ್ದಾ, ಮಾಲಿನಿಂದ ಬಂದದ್ದಾ ಎಂದು ತಿಳಿಯುವುದು ಹೇಗೆ?

ಗ್ರಾಹಕರ ಮಾತನ್ನೇ ಓದಿ. "ಹುಳಿ ಬಂದಿದೆ", "ಸೋರಿದೆ", "ಬೂಸ್ಟು ಹಿಡಿದಿದೆ" ಎಂದರೆ ಅದು ಮಾಲಿನ ಅಥವಾ ಪ್ಯಾಕಿಂಗ್‌ನ ತೊಂದರೆ. "ನಾನು ಅಂದುಕೊಂಡದ್ದು ಇದಲ್ಲ", "ಫೋಟೋದಲ್ಲಿ ದೊಡ್ಡದಿತ್ತು", "ಸಕ್ಕರೆ ಇಲ್ಲ ಅಂತ ಹಾಕಿದ್ರಲ್ಲ" ಎಂದರೆ ಅದು ಪುಟದ ತೊಂದರೆ.

ಮಾರಾಟ ತಾಣಗಳ ರಿಟರ್ನ್ ವರದಿಯಲ್ಲಿ ಕಾರಣಕ್ಕೆ ಒಂದು ಕಾಲಂ ಇರುತ್ತದೆ. ಅಮೆಜಾನ್‌ನ ವರದಿಯಲ್ಲಿ ಪುಟದ ತೊಂದರೆಗಳು `NOT_AS_DESCRIBED`, ಅಂದರೆ ವಿವರಿಸಿದ ಹಾಗೆ ಇಲ್ಲ ಎಂದು ಬರುತ್ತವೆ. ಆ ಸಾಲುಗಳನ್ನು ಮಾತ್ರ ಬೇರೆ ತೆಗೆದು, ಪಕ್ಕದ ಗ್ರಾಹಕರ ಟಿಪ್ಪಣಿ ಓದಿ. ಬೇರೆ ಬೇರೆ ಊರಿನವರು ಒಂದೇ ಮಾತು ಹೇಳುತ್ತಿದ್ದರೆ ಅವರೆಲ್ಲ ಕಿರಿಕಿರಿಯ ಗ್ರಾಹಕರಲ್ಲ. ನಿಮ್ಮ ಪುಟವೇ ಅವರಿಗೆ ಹಾಗೆ ಹೇಳಿದೆ.

ಶೀರ್ಷಿಕೆ, ಫೋಟೋ, ವಿವರಣೆ: ಜನ ಯಾವುದನ್ನು ನಂಬುತ್ತಾರೆ?

ಮೊಬೈಲ್‌ನಲ್ಲಿ ಮೊದಲು ಕಾಣುವುದು ಫೋಟೋ, ಆಮೇಲೆ ಶೀರ್ಷಿಕೆಯ ಮೊದಲ ಒಂದೆರಡು ಸಾಲು, ಆಮೇಲೆ ಬೆಲೆ. ವಿವರಣೆ ಮಡಚಿಕೊಂಡು ಕೆಳಗಿರುತ್ತದೆ. ಎಷ್ಟೋ ಜನ ಅದನ್ನು ತೆರೆಯದೇ ದುಡ್ಡು ಕೊಡುತ್ತಾರೆ. ಆದರೆ ತಕರಾರು ಮಾಡುವಾಗ ತೆರೆಯುತ್ತಾರೆ.

ಆದ್ದರಿಂದ "ವಿವರಣೆಯಲ್ಲಿ 750 ಎಂದು ಸರಿಯಾಗಿಯೇ ಬರೆದಿದ್ದೆನಲ್ಲ" ಎನ್ನುವ ವಾದ ನಡೆಯುವುದು ಕಷ್ಟ. ಮೇಲೆ 1 ಲೀಟರ್ ಎಂದು ದೊಡ್ಡದಾಗಿ ಇದ್ದರೆ ಗ್ರಾಹಕರು ಅದಕ್ಕೇ ದುಡ್ಡು ಕೊಟ್ಟಿರುತ್ತಾರೆ. ನಿಮ್ಮದೇ ಪುಟದಲ್ಲಿ ಎರಡು ಮಾತಿದ್ದರೆ, ಗ್ರಾಹಕರಿಗೆ ಹೆಚ್ಚು ಕೊಡುವ ಮಾತೇ ನಿಮ್ಮದು ಎಂದು ಒಪ್ಪಿಕೊಂಡು ನಡೆಯುವುದು ಒಳ್ಳೆಯದು. ನ್ಯಾಯವೂ ಅದೇ ಎಂದು ನನ್ನ ಅಭಿಪ್ರಾಯ. ಬರೆದವರು ನಾವು, ಅವರಲ್ಲ.

ಕಾನೂನು ಏನು ಹೇಳುತ್ತದೆ?

2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲ್ಲ, ಹಣ ಕೊಡಲ್ಲ ಎಂದು ಮಾರಾಟಗಾರರು ಹೇಳುವ ಹಾಗಿಲ್ಲ. ತಿನ್ನುವ ಪದಾರ್ಥಕ್ಕೆ ರಿಟರ್ನ್ ಇಲ್ಲ ಎಂದು ಪುಟದಲ್ಲಿ ಹಾಕಿದ್ದೀವಿ ಎನ್ನುವುದು ಇಲ್ಲಿ ರಕ್ಷಣೆ ಆಗುವುದಿಲ್ಲ.

ಇನ್ನೊಂದು ಅಳತೆಯ ನಿಯಮ. ಪೊಟ್ಟಣದಲ್ಲಿ ಮಾರುವ ಸರಕಿಗೆ 2011ರ ನಿಯಮಗಳಿವೆ. 2018ರ ಜನವರಿ 1ರಿಂದ ನಿವ್ವಳ ಪ್ರಮಾಣ, ಎಂ.ಆರ್.ಪಿ., ತಯಾರಕರ ಹೆಸರು ವಿಳಾಸದಂಥ ವಿವರಗಳು ಲೇಬಲ್ ಮೇಲೆ ಇದ್ದರೆ ಸಾಲದು, ಮಾರುವ ಪುಟದಲ್ಲೂ ಕಾಣಬೇಕು. ಅಂದರೆ ಲೇಬಲ್ 750 ಎನ್ನುವಾಗ ಪುಟ 1 ಲೀಟರ್ ಎನ್ನುವುದು ಬರೀ ಟೈಪಿಂಗ್ ತಪ್ಪಾಗಿ ಉಳಿಯುವುದಿಲ್ಲ.

ಮೊದಲು ಏನು ಮಾಡಬೇಕು? ಕೂಡಲೇ ತಿದ್ದಿಬಿಡಲಾ?

ಒಂದು ನಿಮಿಷ ತಡೆಯಿರಿ. ಮೊದಲು ಸ್ಟಾಕ್ ಸೊನ್ನೆ ಮಾಡಿ, ಅಥವಾ ಲಿಸ್ಟಿಂಗ್ ತಾತ್ಕಾಲಿಕವಾಗಿ ನಿಲ್ಲಿಸಿ. ಪುಟ ಅಳಿಸಬೇಡಿ. ನಿಲ್ಲಿಸದೆ ತಿದ್ದುತ್ತಾ ಕೂತರೆ ಅರ್ಧ ಹಳೆಯದು, ಅರ್ಧ ಹೊಸದು ಇರುವ ಪುಟ ನೋಡಿ ಆರ್ಡರ್ ಬರುತ್ತದೆ. ಆ ಆರ್ಡರ್‌ನ ತಕರಾರು ಬಿಡಿಸುವುದು ಇನ್ನೂ ಕಷ್ಟ.

ಆಮೇಲೆ ಈಗಿನ ಪುಟವನ್ನು ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊಬೈಲ್‌ನಲ್ಲಿ ಹೇಗೆ ಕಾಣುತ್ತದೆ, ಕಂಪ್ಯೂಟರ್‌ನಲ್ಲಿ ಹೇಗೆ ಕಾಣುತ್ತದೆ, ಎರಡೂ ಬೇಕು. ತಾರೀಖು ಬರೆದಿಡಿ. ನಡೆಯುತ್ತಿರುವ ತಕರಾರುಗಳಿಗೆ ಈ ಹಳೆಯ ಪುಟವೇ ಲೆಕ್ಕ. ತಿದ್ದಿದ ಪುಟ ತೋರಿಸಿ "ನೋಡಿ, ಸರಿಯಾಗಿಯೇ ಇದೆ" ಎಂದು ಹೇಳುವುದು ಸುಳ್ಳು. ಗ್ರಾಹಕರ ಹತ್ತಿರ ಹಳೆಯ ಸ್ಕ್ರೀನ್‌ಶಾಟ್ ಇದ್ದರೆ ಅಲ್ಲಿಗೆ ನಿಮ್ಮ ಮಾತು ಮುಗಿಯಿತು.

ಕಳಿಸಬೇಕಾದ ಆರ್ಡರ್ ಬಾಕಿ ಇದ್ದರೆ ಪ್ಯಾಕ್ ಮಾಡುವ ಮುಂಚೆ ಗ್ರಾಹಕರಿಗೆ ಸಂದೇಶ ಹಾಕಿ ಕೇಳಿ. ಸಕ್ಕರೆಯ ವಿಷಯ ಇದ್ದಲ್ಲಿ ಕೇಳದೇ ಕಳಿಸಲೇಬೇಡಿ.

ಮೂರರಲ್ಲಿ ಯಾವುದು ಸರಿ ಎಂದು ಹೇಗೆ ತೀರ್ಮಾನಿಸುವುದು?

ಮೂರನ್ನೂ ಬಿಡಿ. ಗೋಡೌನಿಗೆ ಹೋಗಿ, ಇವತ್ತು ಕಳಿಸಬೇಕಾದ ಒಂದು ಬಾಟಲಿ ತೆಗೆದುಕೊಂಡು ಬನ್ನಿ. ಮೇಜಿನ ಮೇಲೆ ಇಡಿ. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ನೆನಪಿನಿಂದ ಏನೂ ಬರೆಯಬೇಡಿ.

ನಮ್ಮ ಉದಾಹರಣೆಯಲ್ಲಿ ಹಾಳೆ ಹೀಗೆ ಆಗುತ್ತದೆ: ಕೋಕಂ ಸಿರಪ್. ಸಕ್ಕರೆ ಇದೆ. ಲೇಬಲ್‌ನಲ್ಲಿ ನಿವ್ವಳ 750 ಮಿ.ಲೀ. ಪ್ಲಾಸ್ಟಿಕ್ ಬಾಟಲಿ, ಬಿಳಿ ಮುಚ್ಚಳ. ದಟ್ಟ ಕೆಂಪು ಬಣ್ಣ. ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಕುಡಿಯುವುದು. ತೆರೆದ ಮೇಲೆ ಫ್ರಿಜ್‌ನಲ್ಲಿ ಇಡಬೇಕು. ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಆಹಾರ ಪರವಾನಗಿ ಸಂಖ್ಯೆ. ಎಂ.ಆರ್.ಪಿ. 420.

ಇನ್ನು ಮುಂದೆ ಶೀರ್ಷಿಕೆ, ಫೋಟೋ, ವಿವರಣೆ ಮೂರೂ ಈ ಹಾಳೆಯಿಂದಲೇ ಬರಬೇಕು. ಒಂದನ್ನು ನೋಡಿ ಇನ್ನೊಂದನ್ನು ತಿದ್ದಿದರೆ ತಪ್ಪನ್ನೇ ಮೂರೂ ಕಡೆ ಹರಡಿದ ಹಾಗೆ.

ಬಾಟಲಿ ತೂಗಿದರೆ ಹೆಚ್ಚೂಕಡಿಮೆ ಒಂದು ಕೆಜಿ ಬರುತ್ತದೆ. ಹಾಗಾದರೆ 1 ಲೀಟರ್ ಎಂದರೆ ತಪ್ಪೇನು?

ಈ ಗೊಂದಲ ನಮ್ಮ ಕಡೆ ತುಂಬಾ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

ನೀರು ಒಂದು ಲೀಟರ್ ಅಂದರೆ ಒಂದು ಕೆಜಿ. ಸಿರಪ್ ಹಾಗಲ್ಲ. ಸಕ್ಕರೆ ಕರಗಿದಷ್ಟೂ ಅದು ಭಾರ. ಸಿರಪ್‌ನಲ್ಲಿ ನೂರಕ್ಕೆ 65 ಪಾಲು ಸಕ್ಕರೆ ಅಂಶ ಇದ್ದರೆ ಒಂದು ಲೀಟರ್ ಸುಮಾರು 1 ಕೆಜಿ 310 ಗ್ರಾಂ ತೂಗುತ್ತದೆ. ಅದೇ ಸಿರಪ್ 750 ಮಿ.ಲೀ. ತೆಗೆದುಕೊಂಡರೆ ಸುಮಾರು 980 ಗ್ರಾಂ. ಮನೆಯಲ್ಲಿ ತಕ್ಕಡಿ ಮೇಲೆ ಇಟ್ಟವರು "ಒಂದು ಕೆಜಿ ಬಾಟಲಿ" ಎಂದು ಕರೆಯುತ್ತಾರೆ. ಪುಟ ಹಾಕುವವರು ಕೆಜಿಯನ್ನು ಲೀಟರ್ ಎಂದು ಬರೆಯುತ್ತಾರೆ. ಹೀಗೆ 750 ಮಿ.ಲೀ. ಬಾಟಲಿ ಶೀರ್ಷಿಕೆಯಲ್ಲಿ 1 ಲೀಟರ್ ಆಗುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ಆದರೂ ಗ್ರಾಹಕರಿಗೆ ಕಾಲು ಲೀಟರ್ ಕಡಿಮೆ ಹೋಯಿತು.

ಜೇನಿನಲ್ಲಿ ಇದು ಇನ್ನೂ ಜಾಸ್ತಿ. ಒಂದು ಕೆಜಿ ಜೇನು ಸುಮಾರು 700 ಮಿ.ಲೀ. ಜಾಗದಲ್ಲಿ ಕೂರುತ್ತದೆ. ಜೇನನ್ನು ತೂಕದಲ್ಲಿ ಮಾರುವವರು ಫೋಟೋದಲ್ಲಿ ಲೀಟರ್ ಬಾಟಲಿ ತೋರಿಸಿದರೆ ತಕರಾರು ಖಂಡಿತ.

ಬಾಟಲಿಯ ನಿಜವಾದ ಅಳತೆ ತಿಳಿಯಲು ಸುಲಭ ದಾರಿ ಇದೆ. ಸಿರಪ್ ಎಲ್ಲಿಯವರೆಗೆ ತುಂಬುತ್ತೀರೋ ಅಲ್ಲಿಗೆ ಗುರುತು ಹಾಕಿ. ಖಾಲಿ ಬಾಟಲಿ ತೂಗಿ. ಗುರುತಿನವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ 750 ಗ್ರಾಂ ಬಂದರೆ ಅಳತೆ 750 ಮಿ.ಲೀ. ನೀರಿಗೆ ಮಾತ್ರ ಗ್ರಾಮೂ ಮಿ.ಲೀ.ಯೂ ಒಂದೇ, ಹಾಗಾಗಿ ನೀರಿನಲ್ಲೇ ಮಾಡಬೇಕು. ಒಂದೇ ಬಾಟಲಿ ಸಾಲದು, ನಾಲ್ಕೈದು ನೋಡಿ. ಕೈಯಲ್ಲಿ ತುಂಬುವ ಕಡೆ ಮಟ್ಟ ಏರುಪೇರಾಗುತ್ತದೆ.

ಪುಟದಲ್ಲಿ ಬರೆಯುವಾಗ ಎಲ್ಲ ಕಡೆಯೂ 750 ಮಿ.ಲೀ. ಎಂದೇ ಬರೆಯಿರಿ. ಶೀರ್ಷಿಕೆ, ವಿವರಣೆ, ಪ್ರಮಾಣದ ಪೆಟ್ಟಿಗೆ, ಫೋಟೋದಲ್ಲಿ ಕಾಣುವ ಲೇಬಲ್ ನಾಲ್ಕೂ ಒಂದೇ ಸಂಖ್ಯೆ ಹೇಳಬೇಕು. ಕೊರಿಯರ್ ತೂಕಕ್ಕೆ ಬೇರೆ ಪೆಟ್ಟಿಗೆ ಇರುತ್ತದೆ, ಗ್ರಾಂ ಅಲ್ಲಿಗೆ ಮಾತ್ರ.

ಸಿರಪ್ ಎಂದೂ ಬರೆದು, ಸಕ್ಕರೆ ಇಲ್ಲ ಎಂದೂ ಬರೆದರೆ?

ಎಲ್ಲ ತಪ್ಪುಗಳಲ್ಲಿ ಇದು ಅಪಾಯದ್ದು. ಮೊದಲು ಇದನ್ನು ತೆಗೆಯಿರಿ, ಉಳಿದದ್ದು ನಾಳೆ ಮಾಡಿದರೂ ಆಗುತ್ತದೆ. ಮಧುಮೇಹ ಇರುವ ಅಮ್ಮನಿಗೆ ಎಂದು ಯಾರೋ ತರಿಸಿಕೊಂಡು, ದಿನಾ ಒಂದು ಲೋಟ ಮಾಡಿಕೊಟ್ಟರೆ? ಅಲ್ಲಿ ಹೋಗುವುದು ಬರೀ ದುಡ್ಡಲ್ಲ.

ನಮ್ಮ ಆಹಾರ ನಿಯಮದಲ್ಲಿ ಹಣ್ಣಿನ ಸಿರಪ್ ಅಥವಾ ಶರಬತ್ತು ಎಂದು ಕರೆಯಬೇಕಾದರೆ ಹಣ್ಣಿನ ರಸ ಕನಿಷ್ಠ 25%, ಕರಗಿದ ಘನಾಂಶ ಕನಿಷ್ಠ 65% ಇರಬೇಕು. ಆ ಘನಾಂಶದ ಬಹುಪಾಲು ಸಕ್ಕರೆಯೇ. ಹಾಗಾಗಿ ಮನೆಯಲ್ಲಿ ಮಾಡುವ ಕೋಕಂ ಸಿರಪ್‌ಗೂ "ಸಕ್ಕರೆ ಹಾಕಿಲ್ಲ" ಎನ್ನುವ ಮಾತಿಗೂ ಹೊಂದಾಣಿಕೆ ಇಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿದ್ದರೂ ಅಷ್ಟೇ. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. "ಸಕ್ಕರೆ ಸೇರಿಸಿಲ್ಲ" ಎಂಬ ಮಾತಿಗೆ 2018ರ ಆಹಾರ ಜಾಹೀರಾತು ನಿಯಮಗಳಲ್ಲಿ ಷರತ್ತುಗಳಿವೆ, ಇಷ್ಟ ಬಂದ ಹಾಗೆ ಬಳಸುವ ಮಾತಲ್ಲ ಅದು.

"ಮಧುಮೇಹಕ್ಕೆ ಒಳ್ಳೆಯದು" ಎನ್ನುವ ಸಾಲನ್ನು ಸಿರಪ್ ಪುಟದಿಂದ ಮಾತ್ರ ಅಲ್ಲ, ಸಕ್ಕರೆ ಹಾಕದ ರಸದ ಪುಟದಿಂದಲೂ ತೆಗೆಯಿರಿ ಎಂದು ಹೇಳುತ್ತೇನೆ. ಕೋಕಂ ಮಾರುವವರು ಔಷಧದ ಮಾತು ಆಡುವುದು ಬೇಡ.

ಈ ಸಾಲು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿ. ವಿವರಣೆಯಲ್ಲಿ ತೆಗೆದಿರುತ್ತೀರಿ, ಮೇಲಿನ ಚುಕ್ಕೆ ಸಾಲುಗಳಲ್ಲಿ ಇರುತ್ತದೆ. ಅಲ್ಲೂ ತೆಗೆದಿರುತ್ತೀರಿ, "ಆಹಾರದ ಬಗೆ" ಎಂಬ ಆಯ್ಕೆ ಪೆಟ್ಟಿಗೆಯಲ್ಲಿ ಟಿಕ್ ಹಾಗೇ ಇರುತ್ತದೆ. ಆ ಟಿಕ್ ಇರುವವರೆಗೂ "ಸಕ್ಕರೆ ಇಲ್ಲದ್ದು" ಎಂದು ಸೋಸಿ ಹುಡುಕುವವರಿಗೆ ನಿಮ್ಮ ಸಿರಪ್ ಕಾಣಿಸುತ್ತಲೇ ಇರುತ್ತದೆ. ಹಿಂದೆ ಗ್ರಾಹಕರ ಪ್ರಶ್ನೆಗೆ ನೀವೇ ಕೊಟ್ಟ ಉತ್ತರಗಳನ್ನೂ ನೋಡಿ.

ಫೋಟೋ ಹೊಸದು ತೆಗೆಯಲೇಬೇಕಾ?

ಹೌದು. ಬಾಟಲಿ ಬದಲಾಗಿದ್ದರೆ ಬೇರೆ ದಾರಿ ಇಲ್ಲ.

ಮುಖ್ಯ ಫೋಟೋದಲ್ಲಿ ಪಾರ್ಸೆಲ್‌ನಲ್ಲಿ ಹೋಗುವುದು ಮಾತ್ರ ಇರಲಿ. ಒಂದು ಬಾಟಲಿ ಹೋಗುವುದಾದರೆ ಒಂದೇ ಬಾಟಲಿ. ಅಮೆಜಾನ್‌ನಲ್ಲಂತೂ ಮುಖ್ಯ ಚಿತ್ರಕ್ಕೆ ಪೂರ್ತಿ ಬಿಳಿ ಹಿನ್ನೆಲೆ ಬೇಕು, ವಸ್ತು ಚೌಕಟ್ಟಿನ 85% ತುಂಬಿರಬೇಕು. ಬೇರೆ ಕಡೆ ಮಾರುವವರೂ ಇದನ್ನೇ ಮಾಡಿದರೆ ಅರ್ಧ ತಕರಾರು ಕಡಿಮೆ.

ಸಿಪ್ಪೆಯ ರಾಶಿ ತೆಗೆಯಿರಿ. ನಮಗೆ ಅದು ಅಂದಕ್ಕೆ ಇಟ್ಟದ್ದು. ಆದರೆ ಕಾರವಾರ, ಅಂಕೋಲಾ ಕಡೆಯವರಿಗೆ ಕೋಕಂ ಎಂದರೆ ಮೊದಲು ನೆನಪಾಗುವುದು ಮೀನು ಸಾರಿಗೆ ಹಾಕುವ ಒಣಸಿಪ್ಪೆ. ರಾಶಿ ನೋಡಿ ಸಿಪ್ಪೆಯೂ ಬರುತ್ತದೆ ಎಂದುಕೊಂಡರೆ ತಪ್ಪು ಅವರದಲ್ಲ.

ಲೋಟದ ಪಾನಕ ಎರಡನೆಯ ಅಥವಾ ಮೂರನೆಯ ಫೋಟೋಕ್ಕೆ ಹೋಗಲಿ. ಅದರ ಮೇಲೆ "1 ಪಾಲು ಸಿರಪ್, 4 ಪಾಲು ನೀರು" ಎಂದು ಬರೆಯಿರಿ. ಆಗ ಆ ಲೋಟ ಮೋಸ ಮಾಡುವುದಿಲ್ಲ, ಬಳಕೆ ಹೇಳಿಕೊಡುತ್ತದೆ.

ಒಂದು ಫೋಟೋ ಲೇಬಲ್‌ನದ್ದು ಇರಲಿ. ಹಿಂಬದಿ, ಹತ್ತಿರದಿಂದ, ಪದಾರ್ಥಗಳ ಪಟ್ಟಿಯೂ ನಿವ್ವಳ ಪ್ರಮಾಣವೂ ಓದುವಂತೆ. ಸಕ್ಕರೆ ಬಗ್ಗೆ ಯೋಚಿಸುವವರು ಇದನ್ನು ದೊಡ್ಡದು ಮಾಡಿ ನೋಡುತ್ತಾರೆ. ಹಳೆಯ ಲೇಬಲ್‌ನ ಫೋಟೋ ಬೇಡ. ಬೆಲೆ, ವಿಳಾಸ, ಪರವಾನಗಿ ಸಂಖ್ಯೆ ಬದಲಾಗಿರಬಹುದು.

ಬಣ್ಣದ ಬಗ್ಗೆ ಎರಡು ಮಾತು. ಕೋಕಂನ ಕೆಂಪು ಬಣ್ಣ ಬೆಳಕಿಗೂ ಬಿಸಿಗೂ ಮಾಸುತ್ತದೆ. ಮೇ ತಿಂಗಳ ಹೊಸ ಸಿರಪ್‌ನ ಫೋಟೋ ಹಾಕಿ, ಡಿಸೆಂಬರ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಳಿಸಿದರೆ "ಹಳಸಿದ್ದು ಕೊಟ್ಟಿದ್ದಾರೆ" ಎನ್ನುತ್ತಾರೆ. ಫೋಟೋದಲ್ಲಿ ಬಣ್ಣ ಏರಿಸಬೇಡಿ. ಕಿಟಕಿ ಪಕ್ಕದ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆಯಿರಿ. "ಕಾಲ ಕಳೆದಂತೆ ಬಣ್ಣ ಸ್ವಲ್ಪ ಕಂದು ಆಗಬಹುದು" ಎಂದು ವಿವರಣೆಯಲ್ಲಿ ಒಂದು ಸಾಲು ಇರಲಿ.

"ಚಿತ್ರ ಸಾಂಕೇತಿಕ ಮಾತ್ರ" ಎಂದು ಕೆಳಗೆ ಬರೆದರೆ ಸಾಕಲ್ವಾ?

ಸಾಲದು. ಆ ಸಾಲು ಲೋಟಕ್ಕೆ, ಹೂವಿಗೆ, ಮೇಜಿಗೆ ಒಪ್ಪುತ್ತದೆ. ಬಾಟಲಿಯ ಅಳತೆಗೂ ಒಳಗಿನ ಪದಾರ್ಥಕ್ಕೂ ಒಪ್ಪುವುದಿಲ್ಲ. ಗ್ರಾಹಕರು ಕೈಯಲ್ಲಿ ಹಿಡಿದು ನೋಡಲು ಆಗದ ಕಡೆ ಫೋಟೋವೇ ಅವರ ಕಣ್ಣು. ಅದನ್ನೇ ನಂಬಬೇಡಿ ಎಂದರೆ ಇನ್ನೇನು ನಂಬಬೇಕು?

ತಿದ್ದಿದ ಮೇಲೆ ಪುಟ ಹೇಗಿರಬೇಕು?

ಶೀರ್ಷಿಕೆ: "ಕೋಕಂ ಸಿರಪ್, ಸಕ್ಕರೆ ಸೇರಿಸಿದ್ದು, ನೀರು ಬೆರೆಸಿ ಕುಡಿಯಲು, 750 ಮಿ.ಲೀ. ಪ್ಲಾಸ್ಟಿಕ್ ಬಾಟಲಿ, 1."

ವಿವರಣೆ: "ಕೋಕಂ ಹಣ್ಣಿನ ರಸಕ್ಕೆ ಸಕ್ಕರೆ ಸೇರಿಸಿ ಮಾಡಿದ ಸಿರಪ್. ನೇರವಾಗಿ ಕುಡಿಯುವ ಜ್ಯೂಸ್ ಅಲ್ಲ. ಒಂದು ಪಾಲು ಸಿರಪ್‌ಗೆ ನಾಲ್ಕು ಪಾಲು ತಣ್ಣೀರು ಬೆರೆಸಿ. 750 ಮಿ.ಲೀ.ಯ ಒಂದು ಪ್ಲಾಸ್ಟಿಕ್ ಬಾಟಲಿ ಬರುತ್ತದೆ. ಒಣಸಿಪ್ಪೆ, ಲೋಟ ಬರುವುದಿಲ್ಲ. ತೆರೆದ ಮೇಲೆ ಫ್ರಿಜ್‌ನಲ್ಲಿ ಇಡಿ. ಕಾಲ ಕಳೆದಂತೆ ಬಣ್ಣ ಸ್ವಲ್ಪ ಕಂದು ಆಗಬಹುದು."

"ಶುದ್ಧ", "ಮಲೆನಾಡಿನ" ಹೋಯಿತಲ್ಲ ಎಂದು ಬೇಸರ ಬೇಡ. ಮಲೆನಾಡಿನ ಮಾತು ವಿವರಣೆಯ ಕೊನೆಗೆ ಬರೆಯಬಹುದು. ಶೀರ್ಷಿಕೆಯಲ್ಲಿ ಜಾಗ ಕಡಿಮೆ, ಅಲ್ಲಿ ತಕರಾರು ತಪ್ಪಿಸುವ ಮಾತು ಮೊದಲು ಬರಬೇಕು. ಆರ್ಡರ್ ಸ್ವಲ್ಪ ಇಳಿಯಬಹುದು. ಇಳಿಯುವುದು ಸಿರಪ್ ಬೇಡವಾಗಿದ್ದವರ ಆರ್ಡರ್.

ಹಳೆಯ ಪುಟವನ್ನೇ ತಿದ್ದಲಾ, ಹೊಸದು ಮಾಡಲಾ?

ಇವತ್ತು ಕಳಿಸುವ ಮಾಲನ್ನು ಹಳೆಯ ಗ್ರಾಹಕರೂ "ಹೌದು, ನಾನು ತರಿಸಿದ್ದು ಇದೇ" ಎನ್ನುತ್ತಾರಾ? ಹೌದಾದರೆ ತಿದ್ದಿ. ಗಾಜಿನಿಂದ ಪ್ಲಾಸ್ಟಿಕ್‌ಗೆ ಬಂದದ್ದು, ಶೀರ್ಷಿಕೆಯ ಅಳತೆ ತಪ್ಪಿದ್ದು ತಿದ್ದುವ ವಿಷಯ.

ಆದರೆ ಆ ಪುಟದಲ್ಲಿ ಮೊದಲು ಸಕ್ಕರೆ ಇಲ್ಲದ ರಸ ಮಾರುತ್ತಿದ್ದು, ಅದರ ವಿಮರ್ಶೆಗಳು ಅಲ್ಲೇ ಇದ್ದರೆ ಸಿರಪ್‌ಗೆ ಹೊಸ ಪುಟ ಬೇಕು. ಒಂದು ಪದಾರ್ಥದ ಪುಟದ ಮೇಲೆ ಇನ್ನೊಂದು ಪದಾರ್ಥ ಕೂರಿಸುವುದನ್ನು ಅಮೆಜಾನ್ ಒಪ್ಪುವುದಿಲ್ಲ. ಒಪ್ಪಿದರೂ ಒಳ್ಳೆಯದಲ್ಲ. "ನನ್ನ ಶುಗರ್ ಇರುವ ಅಪ್ಪನಿಗೆ ಚೆನ್ನಾಯ್ತು" ಎಂಬ ಹಳೆಯ ವಿಮರ್ಶೆ ಸಿರಪ್ ಕೆಳಗೆ ಉಳಿದರೆ, ನೀವು ಎಷ್ಟು ತಿದ್ದಿದರೂ ಆ ಮಾತು ಮಾರುತ್ತಲೇ ಇರುತ್ತದೆ. ಸ್ಟಾರ್ ಕಳೆದುಕೊಳ್ಳಲು ಮನಸ್ಸಾಗುವುದಿಲ್ಲ, ಗೊತ್ತು. ಆದರೂ ಹೊಸದೇ ಮಾಡಿ.

ತಿದ್ದಿ ಸೇವ್ ಮಾಡಿದೆ. ಆದರೂ ಹಳೆಯದೇ ಕಾಣುತ್ತಿದೆ. ಎಂತ ಮಾಡುವುದು?

ಬದಲಾವಣೆ ಮೇಲೆ ಬರಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನ ಹಿಡಿಯುತ್ತದೆ. ಅಷ್ಟರವರೆಗೆ ಸ್ಟಾಕ್ ಸೊನ್ನೆಯೇ ಇರಲಿ. ನೋಡುವಾಗ ನಿಮ್ಮ ಮಾರಾಟಗಾರರ ಖಾತೆಯಿಂದ ನೋಡಬೇಡಿ. ಇನ್ನೊಬ್ಬರ ಫೋನಿನಲ್ಲಿ, ಗ್ರಾಹಕರು ನೋಡುವ ಹಾಗೆ ಆ್ಯಪ್‌ನಲ್ಲಿ ಹುಡುಕಿ ನೋಡಿ.

ಒಂದು ದಿನ ಕಳೆದರೂ ಬರದಿದ್ದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ನಿಮ್ಮ ಪುಟಕ್ಕೆ 500 ಮಿ.ಲೀ., 750 ಮಿ.ಲೀ. ಎಂದು ಆಯ್ಕೆಗಳಿವೆ, ನೀವು ಒಂದನ್ನು ಮಾತ್ರ ತಿದ್ದಿದ್ದೀರಿ. ಪ್ರತಿ ಆಯ್ಕೆಯನ್ನೂ ಒತ್ತಿ ಫೋಟೋ, ಶೀರ್ಷಿಕೆ ಬೇರೆ ಬೇರೆ ನೋಡಿ. ಎರಡು, ಅದೇ ಪುಟದಲ್ಲಿ ಬೇರೆ ಮಾರಾಟಗಾರರೂ ಮಾರುತ್ತಿದ್ದಾರೆ. ಅಮೆಜಾನ್‌ನಲ್ಲಿ ಪುಟ ಎಲ್ಲರಿಗೂ ಸೇರಿದ್ದು, ಯಾರ ಮಾಹಿತಿ ತೋರಿಸಬೇಕು ಎಂದು ವ್ಯವಸ್ಥೆ ತೀರ್ಮಾನಿಸುತ್ತದೆ. ಆಗ ಮಾರಾಟಗಾರರ ಸಹಾಯ ವಿಭಾಗಕ್ಕೆ ಟಿಕೆಟ್ ಹಾಕಬೇಕು. ಜೊತೆಗೆ ಲೇಬಲ್‌ನ ಎರಡೂ ಬದಿಯ ಫೋಟೋ ಕಳಿಸಿ, ಯಾವ ಸಾಲು ತಪ್ಪು, ಬದಲಿಗೆ ಯಾವ ಸಾಲು ಬೇಕು ಎಂದು ಪೂರ್ತಿ ಬರೆದುಕೊಡಿ. "ಪುಟ ಸರಿಯಿಲ್ಲ, ಸರಿಮಾಡಿ" ಎಂದು ಮಾತ್ರ ಬರೆದರೆ ಕೆಲಸ ಆಗುವುದಿಲ್ಲ.

ಆಗಲೇ ತಕರಾರು ಬಂದಿದೆ. ಏನೆಂದು ಉತ್ತರಿಸುವುದು?

ಗ್ರಾಹಕರು ಬರೆದಿದ್ದಾರೆ: "ನೀವು ಸಕ್ಕರೆ ಇಲ್ಲ ಎಂದು ಹಾಕಿದ್ದೀರಿ. ಬಾಟಲಿ ಮೇಲೆ ಸಕ್ಕರೆ ಎಂದಿದೆ. ಅಮ್ಮನಿಗೆ ಶುಗರ್ ಇದೆ."

ಉತ್ತರ ಹೀಗಿರಲಿ: "ಮೇಡಂ, ನೀವು ಹೇಳಿದ್ದು ಸರಿ. ನಮ್ಮ ಪುಟದಲ್ಲಿ ತಪ್ಪಾಗಿ ಬರೆದಿತ್ತು. ಈ ಸಿರಪ್‌ನಲ್ಲಿ ಸಕ್ಕರೆ ಇದೆ, ದಯವಿಟ್ಟು ಅಮ್ಮನಿಗೆ ಕೊಡಬೇಡಿ. ಪೂರ್ತಿ 420 ರೂಪಾಯಿ ಇವತ್ತೇ ವಾಪಸ್ ಹಾಕುತ್ತೇವೆ. ಬಾಟಲಿ ಕಳಿಸುವುದು ಬೇಡ. ಪುಟದಿಂದ ಆ ಸಾಲು ತೆಗೆದಿದ್ದೇವೆ."

ಇದರಲ್ಲಿ "ಆದರೆ ಲೇಬಲ್ ಓದಬೇಕಿತ್ತು" ಎನ್ನುವ ಮಾತಿಲ್ಲ, ನೋಡಿ. ಆ ಒಂದು ಮಾತು ಸೇರಿದರೆ ಮುಗಿಯುವ ತಕರಾರು ಬೆಳೆಯುತ್ತದೆ.

ಅಳತೆಯ ತಕರಾರು ಬೇರೆ ಬಗೆ. ಮಾಲು ಬೇಕು, ಆದರೆ ಕಡಿಮೆ ಬಂತು ಎನ್ನುತ್ತಾರೆ. 1 ಲೀಟರ್‌ಗೆ 420 ಕೊಟ್ಟು 750 ಮಿ.ಲೀ. ಪಡೆದವರಿಗೆ ಕಾಲು ಭಾಗ, ಅಂದರೆ 105 ರೂಪಾಯಿ ಬಾಕಿ. ಎರಡು ದಾರಿ ಇಡಿ: 105 ವಾಪಸ್, ಇಲ್ಲವೇ ಬಾಟಲಿ ಹಿಂದಕ್ಕೆ ಪಡೆದು ಪೂರ್ತಿ ಹಣ. ಆಯ್ಕೆ ಅವರದು. ಹಣವನ್ನು ಆ ತಾಣದ ಮೂಲಕವೇ ಹಿಂದಿರುಗಿಸಿ. ಹೊರಗಿಂದ ಯುಪಿಐ ಮಾಡಿದರೆ ತಾಣದಲ್ಲಿ ತಕರಾರು ತೆರೆದೇ ಇರುತ್ತದೆ, ಎರಡೆರಡು ಸಲ ಹಣ ಹೋಗುವ ಸಂಭವವೂ ಇದೆ.

ತಾಣದಿಂದ ಬಂದ ಮೇಲ್‌ನಲ್ಲಿ ಎಷ್ಟು ಗಂಟೆಯೊಳಗೆ ಉತ್ತರಿಸಬೇಕು ಎಂದಿರುತ್ತದೆ. ಅದನ್ನು ಮೊದಲು ಓದಿ. ಗಡುವು ದಾಟಿದರೆ ನಿಮ್ಮ ಮಾತು ಕೇಳದೇ ತೀರ್ಮಾನ ಆಗಿಬಿಡುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರು ತಾಣದ ಕುಂದುಕೊರತೆ ಅಧಿಕಾರಿಗೋ, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೋ ಹೋಗಬಹುದು.

ದೂರು ಕೊಡದ ಹಳೆಯ ಗ್ರಾಹಕರಿಗೆ ಹೇಳಬೇಕಾ?

ಅಳತೆ, ಬಾಟಲಿ ವಿಷಯದಲ್ಲಿ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಸಕ್ಕರೆ ವಿಷಯದಲ್ಲಿ ಹೇಳಲೇಬೇಕು. ತಪ್ಪು ಪುಟ ಯಾವ ತಾರೀಖಿನಿಂದ ಇತ್ತು ಎಂದು ನೋಡಿ, ಆಮೇಲೆ ತರಿಸಿದವರಿಗೆಲ್ಲ ತಾಣದ ಸಂದೇಶದ ಮೂಲಕ ಎರಡು ಸಾಲು ಕಳಿಸಿ. ಕೆಲವರು ಹಣ ಕೇಳುತ್ತಾರೆ. ಕೊಡಿ.

ಮತ್ತೆ ಹೀಗಾಗದಂತೆ ಯಾರು ನೋಡಿಕೊಳ್ಳಬೇಕು?

ಪ್ಯಾಕ್ ಮಾಡುವವರು. ಬಾಟಲಿ, ಮುಚ್ಚಳ, ಲೇಬಲ್ ಬದಲಾದದ್ದು ಮೊದಲು ಗೊತ್ತಾಗುವುದು ಅವರಿಗೇ. ಮೇಲೆ ಹೇಳಿದ ಹಾಳೆಯ ಒಂದು ಪ್ರತಿ ಪ್ಯಾಕಿಂಗ್ ಮೇಜಿನ ಎದುರು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಪುಟದ ಮುಖ್ಯ ಫೋಟೋ. ಕೈಯಲ್ಲಿರುವ ಬಾಟಲಿ ಅದಕ್ಕೆ ಹೊಂದದಿದ್ದರೆ ಪಾರ್ಸೆಲ್ ನಿಲ್ಲಿಸಿ ಫೋನ್ ಮಾಡುವ ಅಧಿಕಾರ ಅವರಿಗೆ ಇರಲಿ. ಹೊಸ ಲಾಟಿನ ಬಾಟಲಿ ತರಿಸುವ ಮುಂಚೆಯೇ ಹುಬ್ಬಳ್ಳಿಯ ಮಗನಿಗೆ ಫೋಟೋ ಹೋಗಬೇಕು, ಬಾಟಲಿ ಬಂದು ತುಂಬಿದ ಮೇಲಲ್ಲ.

ನಾವು ವಾಟ್ಸಾಪ್‌ನಲ್ಲಿ ಮಾತ್ರ ಮಾರುತ್ತೇವೆ. ನಮಗೂ ಇದೆಲ್ಲ ಬೇಕಾ?

ಬೇಕು. ಅಲ್ಲಿ ಇನ್ನೊಂದು ತೊಡಕೂ ಇದೆ. ಕ್ಯಾಟಲಾಗ್ ನೀವು ತಿದ್ದುತ್ತೀರಿ, ಆದರೆ ಹಿಂದೆ ಗುಂಪುಗಳಿಗೆ ಕಳಿಸಿದ ಫೋಟೋ ಮತ್ತು ಬರಹ ತಿದ್ದಲು ಆಗುವುದಿಲ್ಲ. ಅದು ಕುಮಟಾದಿಂದ ಮುಂಬೈವರೆಗೆ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಹಾಗಾಗಿ ಆರ್ಡರ್ ಬಂದಾಗ, ಹಣ ಪಡೆಯುವ ಮುಂಚೆ, ಈಗಿನ ಬಾಟಲಿಯ ಫೋಟೋ ಹಾಕಿ ಒಂದು ಸಾಲು ಬರೆಯಿರಿ: "ಸಕ್ಕರೆ ಸೇರಿಸಿದ ಕೋಕಂ ಸಿರಪ್, 750 ಮಿ.ಲೀ., ಪ್ಲಾಸ್ಟಿಕ್ ಬಾಟಲಿ, 420 ರೂಪಾಯಿ. ಇದೇ ಬೇಕಲ್ವಾ?" ಹೌದು ಎಂದ ಮೇಲೆ ಪ್ಯಾಕ್ ಮಾಡಿ.